ಎಡ ಅಂಚು, ಬಲ ಅಂಚು: ಒಂದು ವಚನವನ್ನು ನಾನು ಗುರುತು ಹಾಕಿ ಓದುವ ಬಗೆ

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಪದ್ಯ ವಿಶ್ಲೇಷಣೆ ಮಾಡಿ ಅಂದರೆ ಹೆಚ್ಚಿನವರು ಮೊದಲು ಸಾರಾಂಶ ಬರೆಯುತ್ತಾರೆ. ಅದಾದ ಮೇಲೆ "ಇಲ್ಲಿ ರೂಪಕ ಅಲಂಕಾರವಿದೆ" ಅಂತ ಒಂದು ಸಾಲು ಸೇರಿಸುತ್ತಾರೆ. ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಅದಕ್ಕೇ ನಾನು ತರಗತಿಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪದ್ಯವನ್ನು ಹಾಳೆಯ ನಡುವೆ ಬಿಡಿಬಿಡಿಯಾಗಿ ಬರೆದುಕೊಂಡು ಎರಡೂ ಕಡೆ ಅಗಲವಾದ ಅಂಚು ಬಿಡಬೇಕು. ಕಣ್ಣಿಗೆ ಕಂಡದ್ದು ಎಡ ಅಂಚಿಗೆ. ಅದರಿಂದ ಪದ್ಯದಲ್ಲಿ ಏನಾಯಿತು ಅನ್ನೋದು ಬಲ ಅಂಚಿಗೆ. ಬಲಗಡೆ ಬರೆಯಲು ಏನೂ ಹೊಳೆಯದಿದ್ದರೆ ಎಡಗಡೆಯದ್ದನ್ನು ಹೊಡೆದುಹಾಕಬೇಕು. ಅದು ಎಷ್ಟೇ ಸರಿಯಾದ ಅಲಂಕಾರದ ಹೆಸರಾಗಿದ್ದರೂ ಸರಿ.

ಎಡ ಅಂಚು ತುಂಬಲು ಒಂದಷ್ಟು ಪ್ರಶ್ನೆಗಳನ್ನು ಕೊಡುತ್ತೇನೆ. ಅವುಗಳ ಕ್ರಮ ನನಗೆ ಮುಖ್ಯ. ಯಾರು, ಯಾರಿಗೆ ಹೇಳುತ್ತಿದ್ದಾರೆ? ಎಷ್ಟು ವಾಕ್ಯಗಳಿವೆ, ಮಾತು ಎಲ್ಲಿ ತಿರುಗುತ್ತದೆ? ಕ್ರಿಯಾಪದಗಳು ಯಾವುವು? ಯಾವ ಪದ, ಯಾವ ಅಕ್ಷರ ಮತ್ತೆ ಮತ್ತೆ ಬರುತ್ತದೆ? ಏನನ್ನು ಏನಕ್ಕೆ ಹೋಲಿಸಿದ್ದಾರೆ, ಆ ಹೋಲಿಕೆಯಲ್ಲಿ ಏನು ಬಿಟ್ಟುಹೋಗಿದೆ? ಇಷ್ಟಾದ ಮೇಲೆ ಕೊನೆಗೆ ಧ್ವನಿ: ಹೇಳುವವರ ಮನಸ್ಸು ಯಾವ ಸ್ಥಿತಿಯಲ್ಲಿದೆ? ಧ್ವನಿಯನ್ನು ಮೊದಲೇ ಕೇಳಿದರೆ ಎಲ್ಲರೂ "ಭಕ್ತಿ" ಅಥವಾ "ವ್ಯಂಗ್ಯ" ಅಂತ ಬರೆದು ಪೆನ್ನು ಮುಚ್ಚುತ್ತಾರೆ. ಉಳಿದ ಗುರುತುಗಳು ಹಾಳೆಯ ಮೇಲೆ ಬಂದಮೇಲೆ ಕೇಳಿದರೆ ಅವುಗಳಲ್ಲೇ ಆಧಾರ ಹುಡುಕಲೇಬೇಕಾಗುತ್ತದೆ.

ಎಲ್ಲರಿಗೂ ಗೊತ್ತಿರುವ ಬಸವಣ್ಣನವರ ವಚನವನ್ನೇ ತೆಗೆದುಕೊಳ್ಳೋಣ. ಬಾಯಿಪಾಠ ಆಗಿರುವುದನ್ನು ಯಾರೂ ನಿಂತು ನೋಡುವುದಿಲ್ಲ, ಅದಕ್ಕೇ ಇದು ಅಭ್ಯಾಸಕ್ಕೆ ಒಳ್ಳೆಯದು.

ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡಲಿ ಬಡವನಯ್ಯಾ?
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ.
ಕೂಡಲಸಂಗಮದೇವಾ, ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಗುರುತು ಹಾಕುವ ಮೊದಲು ಒಂದು ಎಚ್ಚರಿಕೆ. ಪಾಠಾಂತರಗಳಿವೆ: ಕೆಲವು ಕಡೆ "ಮಾಡಿಹರು", ಕೆಲವು ಕಡೆ "ಮಾಡುವೆ", "ಕಳಶ". ಸಾಲುಗಳನ್ನು ಒಡೆದಿರುವುದು ಕೂಡ ಅಚ್ಚು ಹಾಕಿದವರು. ತಾಳೆಗರಿಯಲ್ಲಿ ವಚನಗಳು ಹೀಗೆ ಸಾಲು ಸಾಲಾಗಿ ಇರಲಿಲ್ಲ, ಒಂದೇ ಸಮನೆ ಬರೆದುಕೊಂಡು ಹೋಗಿರುತ್ತಿದ್ದರು. ಹಾಗಾಗಿ "ಕವಿ ಇಲ್ಲಿ ಸಾಲು ಮುರಿದಿದ್ದಾರೆ, ಯಾಕೆಂದರೆ..." ಅಂತ ವಚನದ ಬಗ್ಗೆ ಬರೆಯಬಾರದು. ಆಧುನಿಕ ಕವಿತೆಗೆ ಆ ಪ್ರಶ್ನೆ ಸರಿ. ಇಲ್ಲಿ ನಾವು ಸಾಲು ಬಿಟ್ಟು ವಾಕ್ಯ ಎಣಿಸಬೇಕು.

ವಾಕ್ಯ ಎಣಿಸಿದರೆ ಮೂರು ಸಿಗುತ್ತವೆ. ಮೊದಲನೆಯದು ಅವರು ಮತ್ತು ನಾನು. ಎರಡನೆಯದು ಮೈಯ ದೇಗುಲ. ಮೂರನೆಯದು ದೇವರನ್ನು ಕರೆದು ಹೇಳುವ ತೀರ್ಮಾನ. ಮಾತು ತಿರುಗುವ ಜಾಗ ಒಂದನೆಯದರ ಪ್ರಶ್ನೆ ಮುಗಿದ ಕೂಡಲೇ. ಅಲ್ಲೊಂದು ಅಡ್ಡಗೆರೆ ಎಳೆಯಿರಿ. ಮೂರನೆಯ ವಾಕ್ಯದ ಮುಂಚೆ ಇನ್ನೊಂದು.

ಈಗ ಕ್ರಿಯಾಪದಗಳಿಗೆ ಸುತ್ತು ಹಾಕಿ. ಮೊದಲ ವಾಕ್ಯದಲ್ಲಿ "ಮಾಡುವರು", "ಮಾಡಲಿ". ಮೂರನೆಯದರಲ್ಲಿ "ಕೇಳು", ಆಮೇಲೆ "ಉಂಟು", "ಇಲ್ಲ". ನಡುವಿನ ವಾಕ್ಯಕ್ಕೆ ಬಂದರೆ ಪೆನ್ಸಿಲ್ ನಿಂತುಬಿಡುತ್ತದೆ. ಅಲ್ಲಿ ಕ್ರಿಯಾಪದವೇ ಇಲ್ಲ! ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಕಳಸ, ಅಷ್ಟೇ. ಎಡ ಅಂಚಿಗೆ "ಕ್ರಿಯಾಪದ ಇಲ್ಲ" ಅಂತ ಬರೆದು ಬಲ ಅಂಚಿನಲ್ಲಿ ಯೋಚಿಸಿ. ಪ್ರಶ್ನೆ "ಏನ ಮಾಡಲಿ" ಅಂತಿತ್ತು. ಉತ್ತರದಲ್ಲಿ ಮಾಡುವುದು ಏನೂ ಇಲ್ಲ. ಉಳ್ಳವರದ್ದು ಮಾಡಬೇಕಾದ ಶಿವಾಲಯ, ಇವರದ್ದು ಆಗಲೇ ಆಗಿರುವ ದೇಗುಲ. ಈ ವಚನದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಜಾಗ ಇದು. ಇದು ಸಾರಾಂಶ ಬರೆಯುವವರ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಸಾರಾಂಶ ಬರೆಯುವಾಗ ನಾವೇ "ಎಂದು ಭಾವಿಸುತ್ತಾರೆ", "ಆಗಿಸಿಕೊಂಡಿದ್ದಾರೆ" ಅಂತ ಕ್ರಿಯಾಪದ ಸೇರಿಸಿಬಿಡುತ್ತೇವೆ.

ಇನ್ನು ಹೋಲಿಕೆ. ರೂಪಕ ಅಂತ ಹೆಸರು ಬರೆದರೆ ಸಾಲದು. ಅದನ್ನು ಉಪಮೆ ಮಾಡಿ ಓದಿ ನೋಡಿ: "ಎನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ." ಏನು ಕಳೆದುಹೋಯಿತು? ಗಟ್ಟಿತನ ಹೋಯಿತು. "ಅಂತೆ" ಬಂದ ಕೂಡಲೇ ನಿಜವಾದ ಕಂಬ ಬೇರೆಲ್ಲೋ ಇದೆ, ಇದು ಅದರ ಥರ ಅಂತಾಗುತ್ತದೆ. "ಕಾಲೇ ಕಂಬ" ಅನ್ನುವಾಗಿನ ಆ "ಏ" ಬೇರೆ ಕಂಬ ಬೇಡ ಅನ್ನುತ್ತದೆ. ಹೀಗೆ ಪದ ಬದಲಿಸಿ ಓದುವುದು ನನ್ನ ಪಟ್ಟಿಯಲ್ಲಿರುವ ತುಂಬಾ ಕೆಲಸಕ್ಕೆ ಬರುವ ಪರೀಕ್ಷೆ. "ಉಳ್ಳವರು" ಬದಲು "ಸಿರಿವಂತರು" ಹಾಕಿ ನೋಡಿ. ಹಣ ಅನ್ನುವ ಅರ್ಥ ತಕ್ಷಣ ಬಿಗಿಯಾಗುತ್ತದೆ. "ಉಳ್ಳವರು" ಅಂದಾಗ ಅವರ ಬಳಿ ಏನೋ ಇದೆ ಅನ್ನುವುದಷ್ಟೇ ತಿಳಿಯುತ್ತದೆ, ಬೈಗುಳದ ಸೋಂಕೂ ಇಲ್ಲ.

ರೂಪಕದ ಕ್ರಮಕ್ಕೂ ಗುರುತು ಹಾಕಿ: ಕಾಲು, ಮೈ, ತಲೆ. ಕೆಳಗಿನಿಂದ ಮೇಲಕ್ಕೆ. ದೇವಸ್ಥಾನ ಕಟ್ಟುವುದೂ ಹೀಗೆಯೇ ಅಲ್ವಾ? ಕಳಸ ಏರುವುದು ಕೊನೆಗೆ. ಕ್ರಿಯಾಪದವಿಲ್ಲದ ವಾಕ್ಯದೊಳಗೇ ಕಟ್ಟಡ ಮೇಲೆದ್ದುಬಿಟ್ಟಿದೆ. ಬಡವನ ಗುಡಿಗೆ ಹೊನ್ನ ಕಳಸವೂ ಬಂದಿದೆ.

ಆಮೇಲೆ ಏನು ಬಿಟ್ಟಿದ್ದಾರೆ ಅನ್ನುವ ಪ್ರಶ್ನೆ. ಕಂಬ ಇದೆ, ಕಳಸ ಇದೆ, ಗರ್ಭಗುಡಿ ಇಲ್ಲ. ಲಿಂಗದ ಮಾತೂ ಇಲ್ಲ. ದೇವರು ಎಲ್ಲಿ? ಮುಂದಿನ ವಾಕ್ಯದಲ್ಲಿ, ಕರೆದರೆ ಕೇಳುವಷ್ಟು ಹತ್ತಿರದಲ್ಲಿ. ಅಂಕಿತ ಅಂದರೆ ಕವಿಯ ಸಹಿ ಅಂತ ಮಕ್ಕಳು ಬರೆದು ಮುಂದೆ ಹೋಗುತ್ತಾರೆ. ಇಲ್ಲಿ "ಕೂಡಲಸಂಗಮದೇವಾ" ಸಹಿಯೂ ಹೌದು, ದೇಗುಲದೊಳಗೆ ಖಾಲಿ ಬಿಟ್ಟಿದ್ದ ಜಾಗವನ್ನು ತುಂಬುವ ಕೂಗೂ ಹೌದು ಅಂತ ನಾನು ಓದುತ್ತೇನೆ. ಇದು ನನ್ನ ಓದು. ಬಲ ಅಂಚಿನಲ್ಲಿ ಇಂಥದ್ದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಸುತ್ತೇನೆ, ಹಾಳೆಯಲ್ಲಿ ಇರುವುದಕ್ಕೂ ನಾವು ಊಹಿಸಿದ್ದಕ್ಕೂ ವ್ಯತ್ಯಾಸ ಕಾಣಲಿ ಅಂತ.

ಹೋಲಿಕೆ ಎಲ್ಲಿ ಹೊಂದುವುದಿಲ್ಲ ಅಂತಲೂ ನೋಡಬೇಕು. ಕಂಬ ನಿಂತಿರುತ್ತದೆ, ಕಾಲು ನಡೆಯುತ್ತದೆ. ಇದು ರೂಪಕದ ದೋಷ ಅಂತ ಒಂದು ಸಲ ಒಬ್ಬ ಹುಡುಗಿ ವಾದಿಸಿದಳು. ಒಳ್ಳೆಯ ಕಣ್ಣು. ಆ ಹೊಂದದ ಜಾಗದಿಂದಲೇ ಕೊನೆಯ ಮಾತು ಹುಟ್ಟುತ್ತದೆ. ಸ್ಥಾವರ ಅಂದರೆ ನಿಂತದ್ದು, ಜಂಗಮ ಅಂದರೆ ನಡೆಯುವುದು. ನಡೆಯುವ ಕಂಬ ಇರುವ ಗುಡಿ ಜಂಗಮದ ಕಡೆಗೆ ಸೇರಿತು. ಆದರೆ ದೇಹವೂ ಅಳಿಯುತ್ತದಲ್ಲ, ಜಂಗಮಕ್ಕೆ ಅಳಿವಿಲ್ಲ ಅಂದರೆ ಹೇಗೆ? ಇದನ್ನು ಕೇಳದೆ ಬಿಡಬಾರದು. ಶರಣರ ಮಾತಿನಲ್ಲಿ ಜಂಗಮ ಅಂದರೆ ಸಂಚರಿಸುವ ಶಿವಭಕ್ತ, ಶಿವನದೇ ನಡೆದಾಡುವ ರೂಪ. "ದೇಹವೇ ದೇಗುಲ, ಆದ್ದರಿಂದ ದೇಹ ಶಾಶ್ವತ" ಅಂತ ಬರೆದ ಉತ್ತರ ಎರಡನೆಯ ವಾಕ್ಯ ಓದಿ ಮೂರನೆಯದನ್ನು ಬಿಟ್ಟ ಉತ್ತರ.

ನಾದಕ್ಕೆ ಬರೋಣ. ವಚನ ಗದ್ಯದಂತಿದೆ, ಛಂದಸ್ಸಿಲ್ಲ ಅಂತ ಹೇಳಿ ಈ ಪ್ರಶ್ನೆಯನ್ನು ಹಾರಿಸುವವರು ಜಾಸ್ತಿ. ಕಾಲೇ-ಕಂಬ, ದೇಹ-ದೇಗುಲ ಸುಲಭವಾಗಿ ಕಿವಿಗೆ ಬೀಳುತ್ತವೆ. ಕೊನೆಯ ಮಾತಿಗೆ ಸುಮ್ನೆ ಪ್ರಸ್ತಾರ ಹಾಕಿ ನೋಡಿ. "ಸ್ಥಾವರಕ್ಕಳಿವುಂಟು": ಗುರು, ಲಘು, ಗುರು, ಲಘು, ಲಘು, ಗುರು, ಲಘು. "ಜಂಗಮಕ್ಕಳಿವಿಲ್ಲ": ಗುರು, ಲಘು, ಗುರು, ಲಘು, ಲಘು, ಗುರು, ಲಘು. ಎರಡೂ ಕಡೆ 7 ಅಕ್ಷರ, 10 ಮಾತ್ರೆ, ಒಂದೇ ವಿನ್ಯಾಸ. ತಕ್ಕಡಿಯ ಎರಡು ತಟ್ಟೆಗಳ ಹಾಗೆ ಕೂತಿವೆ. ತೂಕ ಸಮವಾಗಿರುವುದರಿಂದಲೇ ಕೊನೆಯ "ಉಂಟು", "ಇಲ್ಲ" ಅನ್ನುವ ವ್ಯತ್ಯಾಸ ಅಷ್ಟು ಚೂಪಾಗಿ ಕೇಳುತ್ತದೆ. ಗಾದೆಯ ಹಾಗೆ ಜನರ ಬಾಯಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಈಗ ಧ್ವನಿ. "ಅಯ್ಯಾ" ಬರುವ ಜಾಗಗಳಿಗೆ ಗೆರೆ ಎಳೆಯಿರಿ. ಮೊದಲ ವಾಕ್ಯ ಮುಗಿಯುವುದು ಅಯ್ಯಾ ಅಂತ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಅಯ್ಯಾ ಮುಂದಕ್ಕೆ ಸರಿದು "ಕೇಳಯ್ಯಾ" ಆಗಿದೆ, ವಾಕ್ಯ ಮುಗಿಯುವುದು "ಇಲ್ಲ" ಅಂತ. ಮೊದಲ ಅಯ್ಯಾದಲ್ಲಿ ದೈನ್ಯ ಇದೆ, ಎರಡನೆಯದರಲ್ಲಿ ಹೆಮ್ಮೆ, ಮೂರನೆಯದರಲ್ಲಿ ಗಮನ ಸೆಳೆಯುವ ಸಲಿಗೆ. ಅದಾದ ಮೇಲೆ ಕೊನೆಯ ಮಾತಿನಲ್ಲಿ ಅಯ್ಯಾನೂ ಇಲ್ಲ, ನಾನೂ ಇಲ್ಲ, ಉಳ್ಳವರೂ ಇಲ್ಲ. ಎಲ್ಲರಿಗೂ ಅನ್ವಯಿಸುವ ಮಾತಾಗಿ ನಿಂತಿದೆ. ದೈನ್ಯದಿಂದ ತೀರ್ಮಾನದವರೆಗೆ ಧ್ವನಿ ಸಾಗಿದೆ ಅಂತ ಈಗ ಬರೆಯಬಹುದು. ಪಕ್ಕದಲ್ಲೇ ಆಧಾರವೂ ಇದೆ.

ವ್ಯಂಗ್ಯ ಇದೆಯೇ? ಮೊದಲ ವಾಕ್ಯದ ಮಟ್ಟಿಗೆ ನನಗೆ ಕಾಣುವುದಿಲ್ಲ. "ಬಡವನಯ್ಯಾ" ಅನ್ನುವುದನ್ನು ಮಾತ್ರ ಜಾಗ್ರತೆಯಿಂದ ನೋಡಬೇಕು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಬೊಕ್ಕಸ ನೋಡಿಕೊಳ್ಳುತ್ತಿದ್ದವರು ತಮ್ಮನ್ನು ಬಡವ ಅನ್ನುತ್ತಿದ್ದಾರೆ. ಅದಕ್ಕೇ ಪಟ್ಟಿಯ ಮೊದಲ ಪ್ರಶ್ನೆ "ಕವಿ ಯಾರು" ಅಂತಿಲ್ಲ, "ಯಾರು ಹೇಳುತ್ತಿದ್ದಾರೆ" ಅಂತಿದೆ. ವಚನದೊಳಗಿನ "ನಾನು" ದೇವರ ಮುಂದೆ ಬರಿಗೈಯಲ್ಲಿ ನಿಂತವನು. ಅವನ ಬಡತನವನ್ನು ಚರಿತ್ರೆಯ ಮಾಹಿತಿ ಅಂತ ಬರೆಯಬಾರದು, ಸುಳ್ಳು ಅಂತಲೂ ಬರೆಯಬಾರದು.

ಇದೇ ಪಟ್ಟಿ ಎಲ್ಲ ಪದ್ಯಕ್ಕೂ ಹಾಗೇ ಕೂರುವುದಿಲ್ಲ. ಭಾಮಿನಿ ಷಟ್ಪದಿ ಕೈಗೆ ಬಂದರೆ ನಾದದ ಪ್ರಶ್ನೆಯನ್ನು ಮೇಲಕ್ಕೆ ತರುತ್ತೇನೆ. ಅಲ್ಲಿ ಸಾಲು ಕವಿಯದೇ. 3 ಮತ್ತು 4 ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇರುತ್ತದೆ. ಮಕ್ಕಳು ಇಂಗ್ಲಿಷ್ ಪದ್ಯದ ಅಭ್ಯಾಸದಿಂದ ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕಿ, ಸಿಗಲಿಲ್ಲ ಅನ್ನುತ್ತಾರೆ. ಅವರಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಸುತ್ತು ಹಾಕಲು ಹೇಳುತ್ತೇನೆ. ಆರು ಸುತ್ತುಗಳಲ್ಲೂ ಒಂದೇ ವ್ಯಂಜನ ಕಂಡಮೇಲೆ ಬಲ ಅಂಚಿನ ಪ್ರಶ್ನೆ ಶುರು: ಈ ಪ್ರಾಸಕ್ಕಾಗಿ ಕವಿ ಯಾವ ಪದವನ್ನು ಸಾಲಿನ ಮೊದಲಿಗೆ ತಂದರು, ಹಾಗೆ ತಂದದ್ದರಿಂದ ಯಾವ ಪದಕ್ಕೆ ಒತ್ತು ಬಿತ್ತು?