‘ನೋಬಡಿ ಡಿಡಂಟ್ ಕಮ್’ ಅಂತ ಬರೆದಿದ್ರೆ ಸರಿ ಮಾಡೋದು ಹೇಗೆ?

ಚಿಕ್ಕಮಗಳೂರು ಕಡೆ ಹೋಂಸ್ಟೇಗೆ ಲಂಡನ್ನಿಂದ ಬಂದ ಗೆಸ್ಟ್ ಒಬ್ಬ ಕಾಫಿ ಕೊಡೋವಾಗ ‘ಐ ಡೋಂಟ್ ವಾಂಟ್ ನೋ ಶುಗರ್’ ಅಂದ ಅಂತಿಟ್ಕೊಳ್ಳಿ. ಎರಡು ನೆಗೆಟಿವ್ ಸೇರಿದ್ರೆ ಪಾಸಿಟಿವ್ ಅಂತ ಲೆಕ್ಕ ಹಾಕಿ ಸಕ್ಕರೆ ಹಾಕೋಕೆ ಹೋಗ್ಬೇಡಿ, ಅವನಿಗೆ ಸಕ್ಕರೆ ಬೇಡ, ಅಷ್ಟೇ. ಲಂಡನ್ನಿನ ಕಾಕ್ನಿ, ಅಮೆರಿಕದ ಕಪ್ಪು ಜನರ ಇಂಗ್ಲಿಷು, ಅಲ್ಲಿನ ದಕ್ಷಿಣ ರಾಜ್ಯಗಳ ಆಡುಮಾತು ಇವುಗಳಲ್ಲೆಲ್ಲ ಒಂದು ‘ಇಲ್ಲ’ ಬಂದ್ರೆ ಉಳಿದ ಪದಗಳೂ ಅದಕ್ಕೆ ತಕ್ಕ ಹಾಗೆ ನೆಗೆಟಿವ್ ಆಗ್ತವೆ, ಅರ್ಥ ಮಾತ್ರ ಒಂದೇ ‘ಇಲ್ಲ’. ಇದಕ್ಕೆ ನೆಗೆಟಿವ್ ಕಾನ್ಕಾರ್ಡ್ ಅಂತಾರೆ. ಹಿಂದಿನ ಕಾಲದ ಇಂಗ್ಲಿಷಲ್ಲೂ ಇದು ಮಾಮೂಲಿ, ಆಮೇಲೆ ಓದಿದೋರ ಬರವಣಿಗೆಯಿಂದ ಮೆಲ್ಲಗೆ ಕಳಚ್ಕೊಂತು, 1760ರ ದಶಕದಲ್ಲಿ ಬಿಷಪ್ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಎರಡು ನೆಗೆಟಿವ್ ಒಂದನ್ನೊಂದು ಹೊಡೆದುಹಾಕ್ತವೆ ಅಂತ ರೂಲ್ಸ್ ಬರೆದ. ಆಡೋರ ಬಾಯಲ್ಲಿ ಅದು ತಪ್ಪೇನಲ್ಲ ಬಿಡಿ. ಪರೀಕ್ಷೆ, ಆಫೀಸ್ ಮೇಲ್, ಅರ್ಜಿ ಅಂದಾಗ ಮಾತ್ರ ತಪ್ಪು ಅಂತ ಕೆಂಪಿಂಕು ಬೀಳುತ್ತೆ.

ಗೆಸ್ಟ್ ಕಳಿಸಿದ ಒಂದು ಕಂಪ್ಲೇಂಟನ್ನ ಸ್ಟ್ಯಾಂಡರ್ಡ್ ಇಂಗ್ಲಿಷಿಗೆ ತರೋಣ. ‘ನೋಬಡಿ ಡಿಡಂಟ್ ಟೆಲ್ ಅಸ್ ನಥಿಂಗ್ ಅಬೌಟ್ ದ ರೋಡ್.’ ಮುಳ್ಳಯ್ಯನಗಿರಿ ರಸ್ತೆ ಬಗ್ಗೆ ಯಾರೂ ಏನೂ ಹೇಳಲಿಲ್ಲ ಅಂತ.

ಮೊದಲು ನೆಗೆಟಿವ್ ಪದ ಎಣಿಸಿ: ನೋಬಡಿ, ಡಿಡಂಟ್, ನಥಿಂಗ್, ಮೂರಿದೆ. ಒಂದು ಕ್ರಿಯಾಪದಕ್ಕೆ ಒಂದೇ ಸಾಕು.

ಆಮೇಲೆ ಯಾವುದನ್ನ ಉಳಿಸ್ಬೇಕು ಅಂತ ನೋಡಿ, ನಮ್ಮೋರು ಎಡವೋದು ಇಲ್ಲೇ. ಕನ್ನಡದಲ್ಲಿ ‘ಯಾರೂ ಬರಲಿಲ್ಲ’ ಅಂದಾಗ ‘ಇಲ್ಲ’ ಕ್ರಿಯಾಪದದಲ್ಲೇ ಇರುತ್ತಲ್ಲ, ಅದೇ ಅಭ್ಯಾಸದಲ್ಲಿ ಡಿಡಂಟ್ ಇಟ್ಕೊಂಡು ‘ಎನಿಬಡಿ ಡಿಡಂಟ್ ಟೆಲ್’ ಅಂತ ಬರೀತೀವಿ, ಅದು ಇನ್ನೂ ದೊಡ್ಡ ತಪ್ಪು. ಎನಿಬಡಿ, ಎನಿಥಿಂಗ್ ಇಂಥವು ನೆಗೆಟಿವ್ ಪದ ಆದ್ಮೇಲೆ ಬರ್ಬೇಕು, ಮುಂದೆ ಬರಂಗಿಲ್ಲ. ಹಂಗಾಗಿ ಕರ್ತೃ ಜಾಗದಲ್ಲಿರೋ ನೋಬಡಿನ ಮುಟ್ಟಬೇಡಿ, ಡಿಡಂಟ್ ಟೆಲ್ ಕಿತ್ತು ಟೋಲ್ಡ್ ಮಾಡಿ, ನಥಿಂಗನ್ನ ಎನಿಥಿಂಗ್ ಮಾಡಿ: ‘ನೋಬಡಿ ಟೋಲ್ಡ್ ಅಸ್ ಎನಿಥಿಂಗ್ ಅಬೌಟ್ ದ ರೋಡ್.’ ಕರ್ತೃ ವಿ ಆಗಿದ್ರೆ ಡಿಡಂಟ್ ಉಳಿಸಬಹುದು: ‘ವಿ ಡಿಡಂಟ್ ಹಿಯರ್ ಎನಿಥಿಂಗ್.’

ಕಣ್ಣಿಗೆ ಬೀಳದೆ ನುಸುಳೋದು ಹಾರ್ಡ್ಲಿ. ಅದ್ರಲ್ಲಿ ನೋ ಇಲ್ದಿದ್ರೂ ಅದು ಅರ್ಧ ನೆಗೆಟಿವ್ ಇದ್ದಂಗೆ, ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಅಂತ ಬರೆದ್ರೆ ಅಲ್ಲೂ ಕೆಂಪಿಂಕೇ, ‘ಐ ಕ್ಯಾನ್ ಹಾರ್ಡ್ಲಿ ಹಿಯರ್’ ಅನ್ನಿ.

ಆದ್ರೆ ಎರಡು ನೆಗೆಟಿವ್ ಕಂಡ ತಕ್ಷಣ ಹೊಡೆದುಹಾಕ್ಬೇಡಿ. ತಂಗಿ ಮದುವೆಗೆ ‘ಐ ಕಾಂಟ್ ನಾಟ್ ಗೋ’ ಅಂದ್ರೆ ಹೋಗದೇ ಇರೋಕಾಗಲ್ಲ ಅಂತ, ಅಲ್ಲಿ ಎರಡೂ ನಿಜವಾಗ್ಲೂ ಕೆಲಸ ಮಾಡ್ತಿವೆ, ಒಂದು ಕಿತ್ರೆ ಅರ್ಥ ಉಲ್ಟಾ. ‘ನಾಟ್ ಅನ್‌ಕಾಮನ್’ ಕೂಡ ಇದೇ ಜಾತಿ, ಯಾವ ಮೇಷ್ಟ್ರೂ ಮಾರ್ಕ್ಸ್ ಕಟ್ ಮಾಡಲ್ಲ.