ಎರಡು ಲೆಕ್ಕ, ನಡುವೆ ಸೋರುವ ವಾಲ್ವ್

ಶಹಾಪುರದ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್ ಇದೆ. 'ಹೊಟ್ಟು ಜಾಸ್ತಿ ತಿಂತದ, ನೋಡ್ರಿ' ಎಂದು ಮಾಲೀಕರು ಕರೆದರು.

ಮೊದಲು ನೇರ ವಿಧಾನ: ಸ್ಟೀಮಿಗೆ ಸೇರಿದ ಶಾಖವನ್ನು ಹೊಟ್ಟು ಕೊಟ್ಟ ಶಾಖದಿಂದ ಭಾಗಿಸುವುದು. ಎಂಟು ಗಂಟೆ ಹೊಟ್ಟನ್ನು ಚೀಲ ಚೀಲವಾಗಿ ತೂಗಿದೆವು, 4,800 ಕೆ.ಜಿ. ಆಯಿತು. ಕೆ.ಜಿ.ಗೆ 3,200 ಕಿಲೋಕ್ಯಾಲೊರಿ ಎಂದು ಹಿಡಿದೆ. ಅಲ್ಲಿ ಸ್ಟೀಮ್ ಮೀಟರ್ ಇರಲಿಲ್ಲ, ಹಾಗಾಗಿ ಫೀಡ್ ನೀರಿನ ಮೀಟರ್ ನೋಡಿದೆ: 17.6 ಟನ್. ನೀರು 60 ಡಿಗ್ರಿಯಲ್ಲಿ ಹೋಗಿ 8 ಕೆ.ಜಿ. ಒತ್ತಡದ ಸ್ಟೀಮ್ ಆಗಲು ಕೆ.ಜಿ.ಗೆ ಸುಮಾರು 600 ಕಿಲೋಕ್ಯಾಲೊರಿ ಬೇಕು. ದಕ್ಷತೆ 69% ಬಂತು. ಪರವಾಗಿಲ್ಲ ಅನ್ನಿಸಿತು.

ಸುಮ್ನೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ನಷ್ಟಗಳನ್ನೇ ಎಣಿಸಿ ನೂರರಿಂದ ಕಳೆಯುವ ಪರೋಕ್ಷ ವಿಧಾನಕ್ಕೆ ಹೋದೆ. ಹೊಗೆ 240 ಡಿಗ್ರಿ, ಹೊರಗಿನ ಗಾಳಿ 35, ಹೊಗೆಯಲ್ಲಿ ಆಮ್ಲಜನಕ 13%. ಗಾಳಿಯಲ್ಲಿ ಆಮ್ಲಜನಕ 21%, ಹಾಗಾಗಿ 13ನ್ನು (21−13)ರಿಂದ ಭಾಗಿಸಿದರೆ ಬೇಕಾದದ್ದಕ್ಕಿಂತ 162% ಹೆಚ್ಚು ಗಾಳಿ! ಒಂದು ಕೆ.ಜಿ. ಹೊಟ್ಟಿಗೆ 12.3 ಕೆ.ಜಿ. ಒಣ ಹೊಗೆ. ಹೊಗೆಯ ವಿಶಿಷ್ಟೋಷ್ಣ 0.24, ಹೊರಗಿನ ಗಾಳಿಗಿಂತ ಅದು 205 ಡಿಗ್ರಿ ಹೆಚ್ಚು ಬಿಸಿ. ಅದು ಹೊತ್ತೊಯ್ಯುವ ಶಾಖ: 12.3 × 0.24 × 205, ಸುಮಾರು 605 ಕಿಲೋಕ್ಯಾಲೊರಿ, ಅಂದರೆ ಹೊಟ್ಟಿನ ಶಾಖದ 19%. ಹೊಟ್ಟಿನ ಹೈಡ್ರೋಜನ್ ಮತ್ತು ತೇವ ಆವಿಯಾಗಿ ಹೋಗುವುದು ಸುಮಾರು 12%. ಬೂದಿಯಲ್ಲಿ ಉಳಿದ ಕರಿ 4%, ಬಾಯ್ಲರ್ ಮೈಯಿಂದ ಹೊರಬೀಳುವ ಶಾಖ 2% ಎಂದಿಟ್ಟುಕೊಂಡೆ. ಉಳಿದದ್ದು 63%.

ಆರು ಅಂಕ ಎಲ್ಲಿ ಹೋಯಿತು? ಬಾಯ್ಲರ್ ಹಿಂದೆ ಹೋಗಿ, ಒಳಗಿನ ಕೊಳೆ ನೀರನ್ನು ಆಗಾಗ ಹೊರಬಿಡುವ ಬ್ಲೋಡೌನ್ ವಾಲ್ವ್ ಆಚೆಯ ಪೈಪಿಗೆ ಕೈ ಹತ್ತಿರ ತಂದರೆ, ಮುಚ್ಚಿದ ವಾಲ್ವ್‌ನ ಪೈಪ್ ಸುಡುತ್ತಿತ್ತು. ಫೈರ್‌ಮ್ಯಾನ್ ಕಾಕಾ, 'ಅದು ಯಾವಾಗಲೂ ಹಂಗೇ ಇರ್ತದ್ರೀ' ಅಂದರು. ಸೋರಿದ ನೀರು ಬಿಸಿಯಷ್ಟೇ ಆಗಿತ್ತು. ನಾನು ಅದನ್ನೂ ಸ್ಟೀಮ್ ಎಂದು ಎಣಿಸಿದ್ದೆ. ವಾಲ್ವ್ ಸರಿಪಡಿಸಿ, ಬಾಯ್ಲರಿನ ಮಟ್ಟ ತೋರಿಸುವ ಗ್ಲಾಸಿನಲ್ಲಿ ನೀರಿನ ಮಟ್ಟ ಶುರುವಿನಲ್ಲೂ ಕೊನೆಯಲ್ಲೂ ಒಂದೇ ಇಟ್ಟು ಮತ್ತೆ ಅಳೆದೆವು. ಅಷ್ಟೇ ಹೊಟ್ಟು, ನೀರು 16 ಟನ್. ದಕ್ಷತೆ 62.5%. ಎರಡೂ ಕೂಡಿ ಬಂದವು. ಒಂದು ಮಾತು: ಪರೋಕ್ಷ ಲೆಕ್ಕದ ಈ ಪಟ್ಟಿಯಲ್ಲಿ ಬ್ಲೋಡೌನ್ ಇಲ್ಲ, ಅದನ್ನು ಬೇರೆಯೇ ನೋಡಬೇಕು.

ಇನ್ನು ಆ 19%. ಕುಲುಮೆ ಬಾಗಿಲ ಅಂಚಿಗೆ ಊದುಬತ್ತಿ ಹಿಡಿದರೆ ಹೊಗೆ ಒಳಗೆ ಎಳೆದುಕೊಳ್ಳುತ್ತಿತ್ತು. ಹೊಟ್ಟು ಹಾಕುವ ಬಾಯಿಯಲ್ಲೂ ಹಾಗೆ. ಆಸ್ಬೆಸ್ಟಾಸ್ ಹಗ್ಗ ಮಾತ್ರ ಬೇಡ ಅಂದೆ, ಸೆರಾಮಿಕ್ ಹಗ್ಗದಿಂದ ಬಿಗಿ ಮಾಡಿಸಿದೆ. ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್‌ನ ಡ್ಯಾಂಪರ್, ಅಂದರೆ ಗಾಳಿ ತಡೆಯುವ ಬಾಗಿಲನ್ನು, ನಿಧಾನ ಇಳಿಸಿದೆವು. ಕಪ್ಪು ಹೊಗೆ ಕಂಡ ಕಡೆ ನಿಲ್ಲಿಸಿ ಸ್ವಲ್ಪ ತೆರೆದೆವು, ಯಾಕೆಂದರೆ ಗಾಳಿ ಕಡಿಮೆಯಾದರೆ ಬೂದಿಯಲ್ಲಿ ಕರಿ ಜಾಸ್ತಿ ಆಗುತ್ತದೆ. ಆಮ್ಲಜನಕ 8%ಕ್ಕೆ ಇಳಿಯಿತು, ಒಣ ಹೊಗೆಯ ನಷ್ಟ 12%ಕ್ಕೆ ಬಂತು. ಅದೇ 16 ಟನ್ ಸ್ಟೀಮಿಗೆ ಈಗ ಸುಮಾರು 4,300 ಕೆ.ಜಿ. ಹೊಟ್ಟು ಸಾಕು. ಹೈಡ್ರೋಜನ್ ಒಯ್ಯುವ ಪಾಲನ್ನು ಡ್ಯಾಂಪರ್ ತಿರುಗಿಸಿ ಉಳಿಸಲಾಗದು ಎಂದಾಗ ಮಾಲೀಕರು, 'ಹಂಗಾದ್ರ ಹೊಟ್ಟಿನ ಗುಡ್ಡೆಗೆ ತಾಡಪಾಲರೆ ಹಾಕ್ತೀನಿ, ತೇವ ಒಯ್ಯೋ ಪಾಲರೆ ಉಳೀತದಲ್ಲ' ಅಂದರು.