ರಿಯಾಯಿತಿ, ಲಾರಿ ಬಾಡಿಗೆ ಇರುವ ಬಿಲ್ಲಿನಲ್ಲಿ ಜಿಎಸ್‌ಟಿ ಲೆಕ್ಕ ಹಾಕುವುದು ಹೇಗೆ?

ಸಣ್ಣ ವ್ಯಾಪಾರಿಗಳ ಬಿಲ್ಲುಗಳನ್ನು ನೋಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಸರಕಿನ ಬೆಲೆಗೆ ತೆರಿಗೆ ಹಾಕಿ, ಅದರ ಕೆಳಗೆ ಲಾರಿ ಬಾಡಿಗೆಯನ್ನು ತೆರಿಗೆಯಿಲ್ಲದೆ ಕೂಡಿಸಿರುತ್ತಾರೆ. ಹುಬ್ಬಳ್ಳಿಯ ತಯಾರಕರೊಬ್ಬರು ಗದಗಿನ ಅಂಗಡಿಗೆ ತಲಾ 10,000 ರೂಪಾಯಿಯ 20 ಸ್ಟೀಲ್ ಬೀರುಗಳನ್ನು ಮಾರುತ್ತಾರೆ ಎಂದುಕೊಳ್ಳೋಣ. ತೆರಿಗೆ ದರ ಶೇ 18.

ಮೊದಲ ಹೆಜ್ಜೆ: 2,00,000 ರೂಪಾಯಿಯಿಂದ ಶೇ 10ರ ವ್ಯಾಪಾರ ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿ ಕಳೆಯಿರಿ. ಉಳಿಯುವುದು 1,80,000.

ಎರಡನೆಯ ಹೆಜ್ಜೆ: ಮಾರಾಟಗಾರರೇ ವಸೂಲು ಮಾಡುವ 6,000 ರೂಪಾಯಿ ಸಾಗಣೆ ವೆಚ್ಚವನ್ನು ತೆರಿಗೆ ಹಾಕುವ ಮೊದಲೇ ಸೇರಿಸಿ. ಬೇರೆ ಸಾಲಿನಲ್ಲಿ ಬರೆದ ಮಾತ್ರಕ್ಕೆ ಅದು ಸಿಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ನಿನ ಮೌಲ್ಯದಿಂದ ಹೊರಗುಳಿಯುವುದಿಲ್ಲ. ಬೀರಿಗಿರುವ ಶೇ 18ರ ದರವೇ ಅದಕ್ಕೂ ಅನ್ವಯಿಸುತ್ತದೆ. ಕೆಲವು ಅಗ್ಗದ ಬಿಲ್ಲಿಂಗ್ ತಂತ್ರಾಂಶಗಳು ಇತರ ಶುಲ್ಕಗಳನ್ನು ತೆರಿಗೆಯ ಕೆಳಗೆ ಕೂಡಿಸುತ್ತವೆ. ಅಂಥವನ್ನು ಬಳಸಬೇಡಿ, ಇಲ್ಲಿ 1,080 ರೂಪಾಯಿ ತೆರಿಗೆ ಕಡಿಮೆ ಬೀಳುತ್ತದೆ. ಸಾಗಣೆಯ ಹೊಣೆ ಕೊಳ್ಳುವವರದೇ ಆಗಿದ್ದು, ಅವರೇ ಲಾರಿಯವರಿಗೆ ನೇರವಾಗಿ ಹಣ ಕೊಟ್ಟರೆ ಮಾತ್ರ ಬಾಡಿಗೆ ನಿಮ್ಮ ಬಿಲ್ಲಿಗೆ ಬರುವುದಿಲ್ಲ. ಅಂಗಡಿಗೆ ತಲುಪಿಸುವ ಹೊಣೆ ನಿಮ್ಮದಾಗಿದ್ದರೆ, ಬಾಡಿಗೆಯನ್ನು ಅವರು ಕೊಟ್ಟರೂ ಅದು ಮೌಲ್ಯಕ್ಕೆ ಸೇರುತ್ತದೆ.

ಹೀಗೆ ತೆರಿಗೆ ಬೀಳುವ ಮೌಲ್ಯ 1,86,000, ತೆರಿಗೆ 33,480, ಬಿಲ್ಲಿನ ಮೊತ್ತ 2,19,480.

ಮೂರನೆಯ ಹೆಜ್ಜೆ, ನಗದು ರಿಯಾಯಿತಿ: ಹೆಚ್ಚಿನವರು ಎಡವುವುದು ಇಲ್ಲಿ. 15 ದಿನದೊಳಗೆ ಹಣ ಕೊಟ್ಟರೆ ಸರಕಿನ ಬೆಲೆಯ ಮೇಲೆ ಶೇ 2 ಬಿಡುವುದಾಗಿ ಒಪ್ಪಿದ್ದರೆ ಆ ಮೊತ್ತ 3,600. ಕೊಳ್ಳುವವರು ಕೂಡಲೇ ಹಣ ಕೊಡುತ್ತಿದ್ದರೆ ಅದನ್ನು ಬಿಲ್ಲಿನಲ್ಲೇ ಕಳೆಯಬಹುದು. ಆಗ ಮೌಲ್ಯ 1,82,400. ಹಣ ಮುಂದೆ ಬರುವುದಾದರೆ ಪೂರ್ಣ ಮೌಲ್ಯದ ಮೇಲೆಯೇ ತೆರಿಗೆ ಹಾಕಿ, ಹಣ ಬಂದ ಮೇಲೆ 3,600 ಮತ್ತು ಅದರ ತೆರಿಗೆ 648 ಸೇರಿಸಿ 4,248 ರೂಪಾಯಿಯ ಕ್ರೆಡಿಟ್ ನೋಟ್ ಕೊಡಿ. ಎರಡು ದಾರಿಯಲ್ಲೂ ಅಂಗಡಿಯವರು ಕೊನೆಗೆ ಕೊಡುವುದು 2,15,232.

ಆದರೆ ಆ 648 ರೂಪಾಯಿ ನಿಮ್ಮ ತೆರಿಗೆಯಿಂದ ಇಳಿಯಬೇಕಾದರೆ, ಕೊಳ್ಳುವವರು ಅಷ್ಟೇ ಮೊತ್ತದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಿರಬೇಕು. ಅದಕ್ಕಾಗಿ ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ಸಂಖ್ಯೆಯನ್ನು ನಮೂದಿಸಿ, ರಿಯಾಯಿತಿಯ ಷರತ್ತನ್ನು ಆರ್ಡರ್ ಪತ್ರದಲ್ಲೇ ಬರೆಯಿಸಿಕೊಳ್ಳಿ. ಬಾಯಿಮಾತಿನ ಷರತ್ತನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಈ ಓಡಾಟ ಬೇಡವೆನಿಸಿದರೆ, ತೆರಿಗೆಯನ್ನು ಮುಟ್ಟದೆ 3,600 ರೂಪಾಯಿಗಷ್ಟೇ ವಾಣಿಜ್ಯ ಕ್ರೆಡಿಟ್ ನೋಟ್ ಕೊಡಬಹುದು. ಆಗ ಕೊಳ್ಳುವವರು ಜಮೆ ಹಿಂತಿರುಗಿಸಬೇಕಿಲ್ಲ, ನಿಮ್ಮ ತೆರಿಗೆಯೂ 33,480ರಿಂದ ಇಳಿಯುವುದಿಲ್ಲ.